ಬೆಕ್ಕಿನ ಉಗುರು ತೆಗೆದರೆ ಹೋಗುವುದು ಬೆರಳು

ಮಡಿಲಲ್ಲಿ ಮಲಗಿದ ಬೆಕ್ಕಿನ ಮುಂಗಾಲು ಹಿಡಿದು, ಒಂದು ಬೆರಳನ್ನು ಮೇಲಿಂದಲೂ ಕೆಳಗಿಂದಲೂ ಮೆಲ್ಲಗೆ ಒತ್ತಿ ನೋಡಿ. ಅಡಗಿದ್ದ ಉಗುರು ಹೊರಗೆ ಇಣುಕುತ್ತದೆ. ಬಿಟ್ಟರೆ ಮತ್ತೆ ಮಾಯ. ಉಗುರು ಒಳಕ್ಕೂ ಹೊರಕ್ಕೂ ಜಾರುತ್ತದೆ ಎಂದು ನಮಗೆ ತೋರುತ್ತದೆ. ಆದರೆ ಅಲ್ಲಿ ಕದಲುವುದು ಮೂಳೆ.

ಬೆಕ್ಕಿನ ಉಗುರು ಬೆರಳಿನ ಕೊನೆಯ ಗಿಣ್ಣಿನ ಮೂಳೆಗೇ ಅಂಟಿಕೊಂಡು ಬೆಳೆಯುತ್ತದೆ. ರಬ್ಬರಿನಂತೆ ಹಿಗ್ಗುವ ತಂತುಗಳು ಈ ಪುಟ್ಟ ಮೂಳೆಯನ್ನು ಹಿಂದಕ್ಕೆಳೆದು, ನಡುಗಿಣ್ಣಿನ ಪಕ್ಕದಲ್ಲಿ ಮಡಚಿ ಇಟ್ಟಿರುತ್ತವೆ. ಹೀಗಾಗಿ ಉಗುರನ್ನು ಒಳಗಿಟ್ಟುಕೊಳ್ಳಲು ಬೆಕ್ಕಿಗೆ ಯಾವ ಶ್ರಮವೂ ಇಲ್ಲ. ಮರ ಹತ್ತುವಾಗ, ಇಲಿಯ ಮೇಲೆ ಎರಗುವಾಗ ಮಾತ್ರ ಮುಂದೋಳಿನ ಸ್ನಾಯು ಬಿಗಿಯುತ್ತದೆ. ಅದರಿಂದ ಬೆರಳ ತಳದುದ್ದಕ್ಕೂ ಬಂದಿರುವ ಹುರಿ ಆ ಮೂಳೆಯನ್ನು ಕೆಳಕ್ಕೆಳೆದಾಗ ಉಗುರು ಚಾಚುತ್ತದೆ. ಸದ್ದಿಲ್ಲದೆ ನಡೆದರೂ ಅದರ ಉಗುರು ಮೊಂಡಾಗದಿರುವುದು ಇದರಿಂದಲೇ.

ಅಮೆರಿಕದಲ್ಲಿ ಸೋಫಾ ಪರಚುತ್ತದೆಂದು ಬೆಕ್ಕಿಗೆ ‘ಡಿಕ್ಲಾ’ ಮಾಡಿಸುವ ರೂಢಿ ದಶಕಗಳಿಂದ ಇದೆ. ಹೆಸರು ಕೇಳಿದರೆ ಉಗುರು ಕತ್ತರಿಸಿದಂತೆ. ಆದರೆ ಉಗುರಿನ ಬುಡ ಮೂಳೆಯಲ್ಲೇ ಇರುವುದರಿಂದ, ಅದು ಮತ್ತೆ ಬೆಳೆಯಬಾರದೆಂದರೆ ಕೊನೆಯ ಗಿಣ್ಣನ್ನೇ ಕೀಲಿನ ಬಳಿ ಕತ್ತರಿಸಿ ತೆಗೆಯಬೇಕು. ಮುಂಗಾಲೆರಡಕ್ಕೇ ಹತ್ತು ಕಡೆ ಇದಾಗುತ್ತದೆ. ನಮ್ಮ ಹತ್ತು ಬೆರಳನ್ನೂ ಉಗುರಿನ ಹಿಂದಿನ ಗೆರೆಯವರೆಗೆ ಕಡಿದ ಹಾಗೆ. ಲೇಸರಿನಿಂದ ಮಾಡಿದರೂ ಹೋಗುವುದು ಅದೇ ಮೂಳೆ.

ಬೆಕ್ಕು ನಡೆಯುವುದು ಬೆರಳ ಮೇಲೆ. ತುದಿ ಹೋದ ಮೇಲೆ ಹಿಡಿತ ತಪ್ಪಿದ ಹುರಿ ಹಿಂದಕ್ಕೆ ಸರಿಯುತ್ತದೆ, ಭಾರ ಮೊಟಕಾದ ಬೆರಳಿನ ಮೇಲೂ ಅಂಗಾಲಿನ ಮೆತ್ತೆಯ ಮೇಲೂ ಬೀಳುತ್ತದೆ. ನೋವು ತಪ್ಪಿಸಿಕೊಳ್ಳಲು ಅದು ಹಿಂಗಾಲಿನ ಕಡೆಗೆ ವಾಲುತ್ತದೆ, ಬೆನ್ನು ಸೋಲುತ್ತದೆ. ಉಗುರು ಊರಿ ಮೈಮುರಿಯುವ ಸುಖವೂ ಇಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗೆ ಉಗುರು ತೆಗೆಸಿಕೊಂಡ 137 ಬೆಕ್ಕುಗಳನ್ನು ಅಷ್ಟೇ ಸಂಖ್ಯೆಯ ಬೇರೆ ಬೆಕ್ಕುಗಳ ಜೊತೆ ಹೋಲಿಸಿತು. ಬೆನ್ನುನೋವು, ಕಚ್ಚುವುದು, ಕಂಡಕಂಡಲ್ಲಿ ಹೇಸಿಗೆ ಮಾಡುವುದು ಮೊದಲ ಗುಂಪಿನಲ್ಲೇ ಹೆಚ್ಚು. ಅವುಗಳಲ್ಲಿ ಶೇ. 63ರಷ್ಟು ಬೆಕ್ಕುಗಳ ಪಾದದಲ್ಲಿ ಕತ್ತರಿಸಿದ ಮೂಳೆಯ ಚೂರು ಉಳಿದುಹೋಗಿತ್ತು.

ಈಗ ಒಂದು ಬೆಕ್ಕು ಮರಳಿನ ತಟ್ಟೆಗೆ ಇಳಿಯಿತೆನ್ನಿ. ಕೆರೆಯಲು ಹೋದರೆ ಒಳಗಿನ ಚೂರಿನ ಮೇಲೆ ಕಾಳು ಒತ್ತುತ್ತದೆ. ಅದರ ಲೆಕ್ಕದಲ್ಲಿ ಆ ತಟ್ಟೆಯೇ ನೋವಿನ ಜಾಗ. ಮೆತ್ತಗಿನ ಹಾಸಿಗೆ ವಾಸಿ. ಮನೆಯವರು ಗದರಿಸಿ ಹತ್ತಿರ ಹೋದರೆ, ಪರಚಿ ಎಚ್ಚರಿಸಲು ಉಗುರಿಲ್ಲ, ಹಲ್ಲು ಹಾಕುತ್ತದೆ. ಸೋಫಾ ಉಳಿಸಲು ಹೋಗಿ ಹಾಸಿಗೆ ಕಳೆದುಕೊಂಡಂತಾಯಿತು. ಬೆಕ್ಕು ಸಾಮಾನ್ಯವಾಗಿ ನೋವನ್ನು ಮುಚ್ಚಿಡುವ ಪ್ರಾಣಿ; ಕುಂಟದಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬಾರದು. ಎತ್ತರಕ್ಕೆ ನೆಗೆಯಲು ಹಿಂಜರಿದರೆ, ಪಾದವನ್ನೇ ನೆಕ್ಕುತ್ತಿದ್ದರೆ ಎಕ್ಸ್‌ರೇ ತೆಗೆಸಬೇಕು.

ನ್ಯೂಯಾರ್ಕ್ 2019ರಲ್ಲಿ ಇದನ್ನು ನಿಷೇಧಿಸಿತು. ಅಮೆರಿಕದ ರಾಜ್ಯಗಳಲ್ಲಿ ಅದೇ ಮೊದಲು. ಸೋಫಾದ ಚಿಂತೆಗೆ ಉಪಾಯ ಸುಲಭ: ಬೆಕ್ಕು ಮೈ ಪೂರ್ತಿ ಚಾಚಿದರೂ ಅಲುಗದಷ್ಟು ಎತ್ತರದ, ಭಾರದ ಕಂಬಕ್ಕೆ ಒರಟು ಹಗ್ಗ ಸುತ್ತಿ ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಚೂಪು ತುದಿಯನ್ನಷ್ಟೇ ಕತ್ತರಿಸಿ; ಒಳಗೆ ಗುಲಾಬಿ ಬಣ್ಣ ಕಾಣುವ ಕಡೆಗೆ ಹೋಗಬೇಡಿ, ಅಲ್ಲಿ ರಕ್ತನಾಳವಿದೆ.