ಗದ್ದಲದ ಮನೆಯಲ್ಲಿ ತಿಳಿಯಾದ ದನಿ

ಮನೆಯಲ್ಲಿ ಮಾಡಿದ ವಾಯ್ಸ್ ಓವರ್ ಕೆಡುವುದಕ್ಕೆ ಎರಡು ಕಾರಣಗಳಿವೆ. ಒಂದು, ಹೊರಗಿನಿಂದ ನುಗ್ಗುವ ಸದ್ದು: ಬಸ್ಸು, ಹಾರ್ನ್, ಜನರೇಟರ್, ಪಕ್ಕದ ಮನೆಯ ಮಿಕ್ಸಿ. ಇನ್ನೊಂದು, ಓದುವವರ ದನಿಯೇ ಗೋಡೆ, ನೆಲ, ತಾರಸಿಗಳಿಗೆ ಬಡಿದು ಒಂದು ಚೂರು ತಡವಾಗಿ ಮೈಕಿಗೆ ಮರಳುವ ಮಾರ್ದನಿ. ಖಾಲಿ ಹಾಲಿನಲ್ಲಿ ಮಾಡಿದ ರೆಕಾರ್ಡಿಂಗ್ ಬಾವಿಯೊಳಗಿನ ಮಾತಿನಂತೆ ಕೇಳುವುದು ಈ ಎರಡನೆಯದರಿಂದ. ಎರಡಕ್ಕೂ ಮದ್ದು ಒಂದೇ ಅಲ್ಲ. ಕಂಬಳಿ ಕಟ್ಟಿದರೆ ರಸ್ತೆಯ ಸದ್ದು ನಿಲ್ಲುತ್ತದೆ ಎಂದುಕೊಂಡವರಿಗೆ ನಿರಾಸೆಯಾಗುವುದು ಇದೇ ಕಾರಣಕ್ಕೆ.

ಸದ್ದನ್ನು ತಡೆಯಲು ಬೇಕಾದದ್ದು ತೂಕ. ಇಟ್ಟಿಗೆ ಗೋಡೆ, ದಪ್ಪ ಬಾಗಿಲು, ಸಂದಿಲ್ಲದ ಕಿಟಕಿ ತಡೆಯುತ್ತವೆ. ಬಟ್ಟೆ, ಹತ್ತಿ, ಉಣ್ಣೆಗಳಲ್ಲಿ ಗಾಳಿ ಓಡಾಡುತ್ತದೆ, ಗಾಳಿ ಹೋದಲ್ಲಿ ಸದ್ದೂ ಹೋಗುತ್ತದೆ. ಆದರೆ ಹಾಗೆ ಹಾಯುವಾಗ ನಾರುಗಳ ನಡುವೆ ಉಜ್ಜಿಕೊಂಡು ಸದ್ದು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗೋಡೆಗೆ ಬಡಿದು ಹಿಂತಿರುಗಬೇಕಾದ ದನಿ ಅಲ್ಲಿಯೇ ಬಹುಪಾಲು ಸೊರಗುತ್ತದೆ. ಹೀಗಾಗಿ ಕಂಬಳಿಯಿಂದ ಆಗುವ ಕೆಲಸ ಮಾರ್ದನಿಯನ್ನು ಹೀರುವುದು. ಹೊರಗಿನ ಸದ್ದನ್ನು ಕಡಿಮೆ ಮಾಡಲು ಕೋಣೆಯ ಆಯ್ಕೆ, ಹೊತ್ತಿನ ಆಯ್ಕೆ ಮತ್ತು ಬಾಯಿಗೂ ಫೋನಿಗೂ ಇರುವ ದೂರ, ಈ ಮೂರನ್ನೇ ನಂಬಬೇಕು.

ಬೆಂಗಳೂರಿನ ಮುಖ್ಯ ರಸ್ತೆಯೊಂದರ ಬದಿಯ ಅಪಾರ್ಟ್‌ಮೆಂಟಿನ ಎರಡು ಕೋಣೆಯ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಾಲ್ ಮತ್ತು ಅದರ ಬಾಲ್ಕನಿ ರಸ್ತೆಯ ಕಡೆಗಿವೆ. ಅಡುಗೆಮನೆ ಹಾಲಿಗೆ ತೆರೆದುಕೊಂಡಿದೆ, ಫ್ರಿಜ್ ಅಲ್ಲಿಯೇ ಗುಂಯ್‌ಗುಡುತ್ತಿರುತ್ತದೆ. ದೊಡ್ಡ ಮಲಗುವ ಕೋಣೆಯ ಕಿಟಕಿಯೂ ರಸ್ತೆಗೇ. ಚಿಕ್ಕ ಕೋಣೆ ಮಾತ್ರ ಹಿಂಬದಿಯಲ್ಲಿದೆ. ಅಲ್ಲೊಂದು ಮಂಚ, ಹಾಸಿಗೆ, ಬಟ್ಟೆ ತುಂಬಿದ ವಾರ್ಡ್‌ರೋಬ್ ಇವೆ. ವಿಶಾಲವಾಗಿ, ಬೆಳಕಾಗಿರುವ ಹಾಲೇ ಚೆನ್ನ ಅನ್ನಿಸಿದರೂ ರೆಕಾರ್ಡಿಂಗಿಗೆ ಅದು ಎಲ್ಲಕ್ಕಿಂತ ಕೆಟ್ಟ ಜಾಗ. ವಿಟ್ರಿಫೈಡ್ ಟೈಲ್ಸ್ ನೆಲ, ಗಾಜಿನ ಬಾಗಿಲು, ಬೋಳು ಗೋಡೆ ಎಲ್ಲವೂ ದನಿಯನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತವೆ. ಬಾತ್‌ರೂಮಿನ ಮಾತೇ ಬೇಡ, ಅಲ್ಲಿ ಹಾಡುವುದು ಚೆಂದ ಕೇಳುವುದೇ ಮಾರ್ದನಿಯಿಂದ.

ಕೋಣೆಯನ್ನು ಪರೀಕ್ಷಿಸಲು ಉಪಕರಣ ಬೇಕಿಲ್ಲ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ ಸಾಕು. ಸದ್ದು ಕೂಡಲೇ ಸತ್ತರೆ ಕೋಣೆ ಒಳ್ಳೆಯದು. ಹಿಂದೆಯೇ ತಂತಿ ಮಿಡಿದ ಹಾಗೆ ಝಿಣುಗುಟ್ಟಿದರೆ ಎದುರುಬದುರಿನ ಎರಡು ಬೋಳು ಗೋಡೆಗಳ ನಡುವೆ ಸದ್ದು ಓಡಾಡುತ್ತಿದೆ ಎಂದು ಅರ್ಥ. ಆ ಎರಡರಲ್ಲಿ ಒಂದನ್ನಾದರೂ ಮುಚ್ಚಬೇಕು. ಬಳಿಕ ಕಣ್ಣುಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತು ಕೇಳಬೇಕು. ದಿನವೂ ಕಿವಿಗೆ ಬೀಳುವುದರಿಂದ ಮನೆಯವರಿಗೆ ಕೇಳಿಸದೇ ಹೋದ ಸದ್ದುಗಳು, ಅಂದರೆ ಫ್ಯಾನು, ಗೋಡೆ ಗಡಿಯಾರ, ಇನ್ವರ್ಟರ್, ನೀರಿನ ಮೋಟರ್, ಒಂದೊಂದಾಗಿ ಎದ್ದು ಬರುತ್ತವೆ. ಫೋನಿನ ಮೈಕಿಗೆ ಇಂಥ ಅಭ್ಯಾಸಬಲವಿಲ್ಲ, ಅದು ಎಲ್ಲವನ್ನೂ ಹಿಡಿಯುತ್ತದೆ. ಫ್ಯಾನನ್ನು ಆರಿಸಲೇಬೇಕು. ಫ್ರಿಜ್ಜನ್ನು ಆರಿಸುವವರಿಗೆ ಸಿನಿಮಾ ಶೂಟಿಂಗಿನ ಧ್ವನಿ ತಂತ್ರಜ್ಞರ ಒಂದು ಹಳೆಯ ಉಪಾಯವಿದೆ: ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುವುದು. ಹೊರಡುವಾಗ ಕೀಲಿ ಹುಡುಕುತ್ತ ಹೋದವರಿಗೆ ಸ್ವಿಚ್ಚು ತಾನೇ ನೆನಪಾಗುತ್ತದೆ.

ಕಿಟಕಿಯನ್ನು ಮುಚ್ಚಿದ ಮೇಲೂ ಜಾರುವ ಅಲ್ಯೂಮಿನಿಯಂ ಚೌಕಟ್ಟಿನ ಸಂದುಗಳಿಂದ ಸಾಕಷ್ಟು ಸದ್ದು ಒಳಬರುತ್ತದೆ. ಬಾಗಿಲ ಕೆಳಗಿನ ಬೆರಳಗಲದ ಸಂದೂ ಹಾಗೆಯೇ. ಹಳೆಯ ಟವೆಲನ್ನು ಸುರುಳಿ ಸುತ್ತಿ ಅಲ್ಲಿಗೆ ಒತ್ತಿದರೆ ಆಗುವ ಲಾಭ, ಕಿಟಕಿಗೆ ನಾಲ್ಕು ಪದರ ಹೊದಿಕೆ ಇಳಿಬಿಡುವುದಕ್ಕಿಂತ ಹೆಚ್ಚು. ಹೊತ್ತಿನ ಲೆಕ್ಕ ಪ್ರತಿ ಬೀದಿಗೂ ಬೇರೆ. ಬೆಳಗಿನ ಜಾವ ವಾಹನಗಳು ಕಡಿಮೆ, ಆದರೆ ಕೋಗಿಲೆ, ಕಾಗೆಗಳು ಬಿಡುವುದಿಲ್ಲ. ರಾತ್ರಿ ಹನ್ನೊಂದರ ನಂತರ ನಾಯಿಗಳ ಪಾಳಿ. ಕುಕ್ಕರ್ ಕೂಗು ನಿಂತು ಮಕ್ಕಳು ಶಾಲೆಯಿಂದ ಮರಳುವ ಮುಂಚಿನ ಮಧ್ಯಾಹ್ನದ ಒಂದೆರಡು ಗಂಟೆ ಅನೇಕ ಬಡಾವಣೆಗಳಲ್ಲಿ ಸಿಗುವ ಒಳ್ಳೆಯ ಹೊತ್ತು.

ಇನ್ನು ದೂರದ ವಿಷಯ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದಾಗಲೆಲ್ಲ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಕೋಣೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ 60 ಡೆಸಿಬಲ್ ಆಸುಪಾಸಿನಲ್ಲಿರುತ್ತದೆ, 60 ಸೆಂಟಿಮೀಟರಿನಲ್ಲಿ ಅದು ಸುಮಾರು 64. ಮೇಲಿನ ಮನೆಯ ಹಾಲಿನಲ್ಲಿ ರಸ್ತೆಯ ಸದ್ದು 50 ಡೆಸಿಬಲ್ ಇದೆ ಎಂದುಕೊಂಡರೆ, ಮೇಜಿನ ಮೇಲೆ 60 ಸೆಂಟಿಮೀಟರ್ ದೂರದಲ್ಲಿಟ್ಟ ಫೋನಿನಲ್ಲಿ ಮಾತಿಗೂ ಗದ್ದಲಕ್ಕೂ ಬರೀ 14 ಡೆಸಿಬಲ್ ಅಂತರ ಸಿಗುತ್ತದೆ. ಸಂದು ಮುಚ್ಚಿ, ಫ್ಯಾನ್ ಆರಿಸಿದ ಹಿಂದಿನ ಕೋಣೆಯಲ್ಲಿ ಸದ್ದು 36ಕ್ಕೆ ಇಳಿದರೆ ಅಂತರ 28 ಆಗುತ್ತದೆ. ಅದೇ ಕೋಣೆಯಲ್ಲಿ ಫೋನನ್ನು 15 ಸೆಂಟಿಮೀಟರಿಗೆ, ಅಂದರೆ ಸುಮಾರು ಒಂದು ಗೇಣಿಗಿಂತ ತುಸು ಹತ್ತಿರಕ್ಕೆ ತಂದರೆ ಇನ್ನೂ 12 ಡೆಸಿಬಲ್ ಸೇರಿ 40 ದಾಟುವುದಿಲ್ಲವಾದರೂ ಅಲ್ಲಿಗೆ ಮುಟ್ಟುತ್ತದೆ. ಆಡಿಯೋ ಪುಸ್ತಕಗಳ ವೇದಿಕೆಯಾದ ಎಸಿಎಕ್ಸ್ ಕೇಳುವುದೂ ಹೆಚ್ಚುಕಡಿಮೆ ಇಷ್ಟೇ: ಮಾತಿನ ಸರಾಸರಿ ಮಟ್ಟ ‑23ರಿಂದ ‑18 ಡೆಸಿಬಲ್ ನಡುವೆ, ಸುಮ್ಮನಿರುವಾಗಿನ ಸದ್ದು ‑60ಕ್ಕಿಂತ ಕೆಳಗೆ. ಒಂದು ಪೈಸೆ ಖರ್ಚಿಲ್ಲದೆ, ಕೋಣೆ ಬದಲಿಸಿ ಫೋನ್ ಹತ್ತಿರ ತಂದದ್ದಕ್ಕೆ ಸಿಕ್ಕ ಫಲ ಇದು.

ಹತ್ತಿರ ತರುವುದಕ್ಕೂ ಮಿತಿಯಿದೆ. ಪ, ಬ, ಫ, ಭ ಅಕ್ಷರಗಳಲ್ಲಿ ತುಟಿ ಬಿಚ್ಚಿದೊಡನೆ ಗಾಳಿ ಮುಂದಕ್ಕೆ ಚಿಮ್ಮುತ್ತದೆ. ಫೋನು ಬಾಯಿಗೆ ನೇರವಾಗಿದ್ದರೆ ಅದು ‘ಢಬ್’ ಎಂದು ದಾಖಲಾಗುತ್ತದೆ. ಮಹಾಪ್ರಾಣಗಳನ್ನು ಒತ್ತಿ ಉಚ್ಚರಿಸುವವರಿಗೆ ಈ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ದೂರವನ್ನು ಹಾಗೆಯೇ ಇಟ್ಟು ಫೋನನ್ನು ಬಾಯಿಯ ಕೊನೆಯ ಕಡೆಗೆ, ಅರೆ ಓರೆಯಾಗಿ ಸರಿಸಬೇಕು. ಗಾಳಿ ನೇರ ಮುಂದಕ್ಕೆ ಹೋಗುತ್ತದೆ, ದನಿ ಎಲ್ಲ ಕಡೆ ಹರಡುತ್ತದೆ. ಬಹುತೇಕ ಫೋನುಗಳಲ್ಲಿ ಮಾತಿನ ಮೈಕು ಚಾರ್ಜರ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ, ಕೆಳ ಅಂಚಿನಲ್ಲಿರುತ್ತದೆ. ಮೇಲ್ತುದಿಯಲ್ಲೋ ಕ್ಯಾಮೆರಾ ಬಳಿಯೋ ಇನ್ನೊಂದಿರುವುದೂ ಉಂಟು. ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯಲು ರೆಕಾರ್ಡಿಂಗ್ ಆನ್ ಮಾಡಿ ಪ್ರತಿ ಅಂಚನ್ನೂ ಉಗುರಿನಿಂದ ಮೆಲ್ಲಗೆ ಕೆರೆದು ಕೇಳಬೇಕು. ಎಲ್ಲಿ ಸದ್ದು ಜೋರಾಗಿದೆಯೋ ಆ ಅಂಚು ಬಾಯಿಯ ಕಡೆಗಿರಲಿ.

ಫೋನನ್ನು ಕೈಯಲ್ಲಿ ಹಿಡಿಯಬಾರದು. ಬೆರಳಿನ ಅಲುಗಾಟವೂ ಗೊರಗೊರ ಎಂದು ಕೇಳುತ್ತದೆ, ದೂರವೂ ವಾಕ್ಯದಿಂದ ವಾಕ್ಯಕ್ಕೆ ಬದಲಾಗುತ್ತದೆ. ಬರಿ ಮೇಜಿನ ಮೇಲೂ ಇಡಬಾರದು, ಮೇಜಿಗೆ ಬಡಿದು ಬಂದ ದನಿ ನೇರ ದನಿಯೊಡನೆ ಕಲಸಿ ಮಾತು ಟೊಳ್ಳಾಗುತ್ತದೆ. ಟ್ರೈಪಾಡ್ ಇದ್ದರೆ ಸರಿ. ಇಲ್ಲದಿದ್ದರೆ ಪುಸ್ತಕಗಳನ್ನು ಬಾಯಿಯ ಎತ್ತರಕ್ಕೆ ಪೇರಿಸಿ, ಮೇಲೆ ಮಡಿಸಿದ ಟವೆಲ್ ಹಾಸಿ, ಮೈಕಿನ ಅಂಚು ತುಸು ಹೊರಚಾಚುವಂತೆ ಫೋನ್ ಇಡಬಹುದು. ಫೋನು ಏರ್‌ಪ್ಲೇನ್ ಮೋಡ್‌ನಲ್ಲಿರಲಿ. ಬ್ಲೂಟೂತ್ ಇಯರ್‌ಫೋನಿನ ಮೈಕನ್ನು ಬಳಸದಿರುವುದು ಲೇಸು, ಅದರಲ್ಲಿ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಕಂಬಳಿಯ ಸರದಿ ಬರುವುದು ಇದೆಲ್ಲ ಆದ ಮೇಲೆ. ದನಿ ಹೆಚ್ಚಾಗಿ ಮುಂದಕ್ಕೆ ಹೋಗುವುದರಿಂದ ಮೊದಲ ಹೊದಿಕೆ ಓದುವವರ ಎದುರಿಗೆ, ಫೋನಿನ ಹಿಂದೆ ಬರಬೇಕು. ಎರಡನೆಯದು ಓದುವವರ ಬೆನ್ನ ಹಿಂದೆ, ಏಕೆಂದರೆ ಫೋನಿನ ಮೈಕು ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುತ್ತದೆ. ಬಟ್ಟೆ ಒಣಗಿಸುವ ಸ್ಟ್ಯಾಂಡು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹೊಲಿದ ಉತ್ತರ ಕರ್ನಾಟಕದ ಕೌದಿ, ಉಣ್ಣೆಯ ಕರಿ ಕಂಬಳಿ, ಹತ್ತಿಯ ರಜಾಯಿ ಇವು ಚೆನ್ನಾಗಿ ಹೀರುತ್ತವೆ. ತೆಳು ಪಾಲಿಯೆಸ್ಟರ್ ಹೊದಿಕೆ, ಕಿಟಕಿ ಪರದೆಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಹೊದಿಕೆಯನ್ನು ಗೋಡೆಗೆ ಅಂಟಿಸಿ ಕಟ್ಟದೆ ಹತ್ತು ಸೆಂಟಿಮೀಟರಿನಷ್ಟು ಮುಂದಕ್ಕೆ ಇಳಿಬಿಡುವುದರಲ್ಲಿ ಒಂದು ಮರ್ಮವಿದೆ. ಗೋಡೆಯ ಮೈಯಲ್ಲಿ ಗಾಳಿಯ ಕಣಗಳು ಅಲುಗಲಾರವು. ಅಲುಗಾಟ ಅತಿ ಹೆಚ್ಚಾಗುವುದು ತರಂಗದ ಉದ್ದದ ಕಾಲುಭಾಗದಷ್ಟು ದೂರದಲ್ಲಿ, ನಾರುಗಳು ಶಕ್ತಿ ಹೀರಬಲ್ಲದ್ದೂ ಅಲ್ಲಿಯೇ. 1000 ಹರ್ಟ್ಸ್ ಸದ್ದಿಗೆ ಆ ದೂರ ಎಂಟೂವರೆ ಸೆಂಟಿಮೀಟರ್. 100 ಹರ್ಟ್ಸ್‌ಗೆ ಅದು 85 ಸೆಂಟಿಮೀಟರ್. ಬಸ್ಸಿನ ಎಂಜಿನ್ನಿನ ಗುಡುಗುಡು, ಗಂಡಸರ ದನಿಯ ತಳದ ಗುಂಗು ಕಂಬಳಿಗೆ ಬಗ್ಗದಿರುವುದು ಇದರಿಂದಲೇ.

ಕೆಲವರು ತಲೆಯ ಮೇಲಿಂದ ಕಂಬಳಿ ಹೊದ್ದು, ಒಳಗೆ ಫೋನಿಟ್ಟುಕೊಂಡು ಓದುತ್ತಾರೆ. ತುರ್ತಿಗೆ ಅದು ನಡೆದೀತು. ಆದರೆ ಸೆಕೆ, ಉಸಿರುಕಟ್ಟು, ಬಟ್ಟೆಯ ಸರಸರ ಎಲ್ಲವೂ ಸೇರಿಕೊಳ್ಳುತ್ತವೆ. ಮೇಲಿನ ಸ್ವರಗಳೆಲ್ಲ ಹೀರಿಹೋಗಿ ತಳದ ಗುಂಗು ಮಾತ್ರ ಉಳಿಯುವುದರಿಂದ ದನಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಂತಾಗುತ್ತದೆ. ಮುಖಕ್ಕೂ ಹೊದಿಕೆಗೂ ಕನಿಷ್ಠ ಒಂದಡಿ ಜಾಗ ಬೇಕು. ಉದಾಹರಣೆಯ ಚಿಕ್ಕ ಕೋಣೆಯಲ್ಲಾದರೆ ವಾರ್ಡ್‌ರೋಬಿನ ಬಾಗಿಲು ತೆರೆದು, ನೇತಾಡುವ ಬಟ್ಟೆಗಳ ಮುಂದೆ ಫೋನ್ ನಿಲ್ಲಿಸಿ, ಅವುಗಳಿಗೆ ಮುಖಮಾಡಿ ಓದಿ, ಬೆನ್ನ ಹಿಂದೆ ಒಂದು ಕೌದಿ ತೂಗಿಸಿದರೆ ಸಾಕಾದೀತು. ಮಂಚದ ಹಾಸಿಗೆ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಓದು ಶುರುವಾಗುವ ಮುಂಚೆ ಅರ್ಧ ನಿಮಿಷ ಏನೂ ಮಾತಾಡದೆ ರೆಕಾರ್ಡ್ ಮಾಡಿಕೊಳ್ಳಬೇಕು. ಕತ್ತರಿಸಿ ಜೋಡಿಸುವಾಗ ವಾಕ್ಯಗಳ ನಡುವೆ ತುಂಬಲು ಆ ಕೋಣೆಯದೇ ಮೌನ ಬೇಕಾಗುತ್ತದೆ. ಪೂರ್ತಿ ಖಾಲಿ ಬಿಟ್ಟರೆ ಪ್ರತಿ ವಿರಾಮದಲ್ಲೂ ದನಿ ಹಳ್ಳಕ್ಕೆ ಬಿದ್ದಂತೆ ಕೇಳುತ್ತದೆ. ಆಡಾಸಿಟಿಯಂಥ ತಂತ್ರಾಂಶದಲ್ಲಿ ಇದೇ ತುಣುಕನ್ನು ಆಯ್ದು Noise Reduction ಒಳಗಿನ Get Noise Profile ಒತ್ತಿದರೆ, ಒಂದೇ ಸಮನೆ ಬರುವ ಗುಂಯ್ ಸದ್ದನ್ನು ಗುರುತಿಸಿ ತಗ್ಗಿಸಲು ಸಾಧ್ಯ. 6 ಡೆಸಿಬಲ್ ಆಸುಪಾಸಿನಲ್ಲಿ ತಗ್ಗಿಸಿ ನಿಲ್ಲಿಸುವುದು ಒಳ್ಳೆಯದು. ಹೆಚ್ಚು ಎಳೆದರೆ ಮಾತು ನೀರೊಳಗಿನಿಂದ ಬಂದಂತಾಗಿ, ಸ, ಶ ಅಕ್ಷರಗಳ ಅಂಚು ಸವೆಯುತ್ತದೆ. ಬಂದುಹೋಗುವ ಹಾರ್ನ್, ನಾಯಿ ಬೊಗಳು ಈ ದಾರಿಯಲ್ಲಿ ಹೋಗುವುದಿಲ್ಲ. ಹಾರ್ನ್ ಬಿದ್ದರೆ ನಿಂತು, ಒಂದು ಚಪ್ಪಾಳೆ ತಟ್ಟಿ, ಆ ವಾಕ್ಯವನ್ನು ಮೊದಲಿನಿಂದ ಓದಬೇಕು. ಚಪ್ಪಾಳೆ ಪರದೆಯ ಮೇಲೆ ಚೂಪು ಮುಳ್ಳಿನಂತೆ ಕಾಣುವುದರಿಂದ ಎಲ್ಲಿ ಕತ್ತರಿಸಬೇಕೆಂದು ಹುಡುಕಬೇಕಿಲ್ಲ.

ಇಡೀ ಬರಹ ಓದುವ ಮುಂಚೆ ನಾಲ್ಕು ಸಾಲು ಓದಿ ಹೆಡ್‌ಫೋನಿನಲ್ಲಿ ಕೇಳಿದರೆ ಬಹಳಷ್ಟು ಶ್ರಮ ಉಳಿಯುತ್ತದೆ, ಫೋನಿನ ಪುಟ್ಟ ಸ್ಪೀಕರಿನಲ್ಲಿ ತಳದ ಗುಂಗು ಕೇಳಿಸುವುದೇ ಇಲ್ಲ. ಗದ್ದಲ ಜಾಸ್ತಿಯಿದ್ದರೆ ದೂರ ಅಥವಾ ಹೊತ್ತು ತಪ್ಪಿದೆ, ಮಾತು ಟೊಳ್ಳಾಗಿದ್ದರೆ ಹೊದಿಕೆಯ ಜಾಗ ತಪ್ಪಿದೆ, ‘ಢಬ್’ ಎನ್ನುತ್ತಿದ್ದರೆ ಫೋನನ್ನು ಇನ್ನಷ್ಟು ಓರೆ ಮಾಡಬೇಕು. ಸರಿಯಾದ ಜಾಗ ಸಿಕ್ಕಿದ ಮೇಲೆ ಪುಸ್ತಕದ ಪೇರಿಯ ಬುಡಕ್ಕೂ ನಿಂತ ಪಾದಗಳ ಮುಂದೆಯೂ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳುವುದು ರೂಢಿ. ನಾಳೆ ಎರಡು ವಾಕ್ಯ ತಿದ್ದಿ ಓದಬೇಕಾಗಿ ಬಂದಾಗ ಅದೇ ದೂರದಲ್ಲಿ, ಅದೇ ಹೊತ್ತಿನಲ್ಲಿ ನಿಂತು ಓದಿದರೆ ಮಾತ್ರ ಹೊಸ ತುಣುಕು ಹಳೆಯದರೊಂದಿಗೆ ಸೇರುತ್ತದೆ.