ಫಾರ್ಮ್ ತುಂಬಿದವರೆಲ್ಲ ಗಿರಾಕಿಗಳಲ್ಲ

ಮಾಡ್ಯುಲರ್ ಕಿಚನ್ ಮಾಡಿಕೊಡುವ ಅಂಗಡಿಯೊಂದು ಗೂಗಲ್‌ನಲ್ಲಿ ಎರಡು ಜಾಹೀರಾತು ನಡೆಸುತ್ತಿದೆ ಎಂದುಕೊಳ್ಳಿ. ಮೊದಲನೆಯದರಿಂದ 40 ಜನ ವೆಬ್‌ಸೈಟಿನ ಫಾರ್ಮ್ ತುಂಬಿದರು, ಎರಡನೆಯದರಿಂದ 12 ಜನ. ಗೂಗಲ್‌ಗೆ ಕಾಣುವುದು ಇಷ್ಟೇ. ಹಾಗಾಗಿ ಅದು ಮೊದಲನೆಯದಕ್ಕೇ ಹೆಚ್ಚು ಹಣ ಸುರಿಯುತ್ತದೆ. ಆದರೆ ಅಂಗಡಿಗೆ ಬಂದು ಮುಂಗಡ ಕೊಟ್ಟವರು? ಮೊದಲನೆಯದರಿಂದ ಒಬ್ಬರು, ಒಂದೂವರೆ ಲಕ್ಷ. ಎರಡನೆಯದರಿಂದ ನಾಲ್ವರು, ಹತ್ತು ಲಕ್ಷ. ಈ ಲೆಕ್ಕ ಅಂಗಡಿಯ ಗ್ರಾಹಕರ ದಾಖಲೆಯಲ್ಲಷ್ಟೇ ಇದೆ.

ಅದನ್ನು ಗೂಗಲ್‌ಗೆ ತಲುಪಿಸುವ ಕೊಂಡಿ `gclid`. ಆಟೋ ಟ್ಯಾಗಿಂಗ್ ಚಾಲೂ ಇದ್ದರೆ, ಜಾಹೀರಾತು ಒತ್ತಿದಾಗ ಪುಟದ ವಿಳಾಸದ ಕೊನೆಗೆ ಈ ಉದ್ದನೆಯ ಗುರುತು ಅಂಟಿಕೊಂಡು ಬರುತ್ತದೆ. ಫಾರ್ಮ್‌ನಲ್ಲಿ ಕಣ್ಣಿಗೆ ಕಾಣದ ಒಂದು ಖಾನೆ ಇಟ್ಟು ಅದನ್ನು ಹಿಡಿದಿಡಬೇಕು, ಹೆಸರು ಮತ್ತು ಫೋನ್ ನಂಬರಿನ ಜೊತೆಗೇ ಉಳಿಸಬೇಕು. ಆರ್ಡರ್ ಖಾತ್ರಿಯಾದ ದಿನ ಆ ಗುರುತು, ಮಾರಾಟದ ಸಮಯ, ಮೊತ್ತ, `INR` ಎಂಬ ಕರೆನ್ಸಿ ಸಂಕೇತ ಇವನ್ನು ಗೂಗಲ್ ಆ್ಯಡ್ಸ್‌ಗೆ ಕಳಿಸಿದರೆ, ಯಾವ ಕ್ಲಿಕ್ ಎಷ್ಟು ದುಡಿಯಿತೆಂಬುದು ಅಲ್ಲಿ ದಾಖಲಾಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಶುರುವಿನಲ್ಲೇ. ಪುಟ ಬೇರೊಂದು ವಿಳಾಸಕ್ಕೆ ಜಿಗಿಯುವಾಗ ಗುರುತು ಕಳಚಿಬಿಡಬಹುದು. ಜಾಹೀರಾತಿನಿಂದ ಬಂದವರ ದಾಖಲೆಯಲ್ಲಿ ಆ ಖಾನೆ ಮತ್ತೆಮತ್ತೆ ಖಾಲಿ ಕಂಡರೆ ಮೊದಲು ಇದನ್ನೇ ನೋಡಿ. ಇನ್ನೊಂದು ಮಿತಿಯೂ ಇದೆ: ಕ್ಲಿಕ್ ಆಗಿ 90 ದಿನ ದಾಟಿದ ಮಾರಾಟವನ್ನು ಗೂಗಲ್ ಈ ದಾರಿಯಲ್ಲಿ ಒಪ್ಪುವುದಿಲ್ಲ. ಗೃಹಪ್ರವೇಶದವರೆಗೆ ಕಾಯುವ ಗಿರಾಕಿಗಳಿದ್ದರೆ, ಅಳತೆ ತೆಗೆದುಕೊಂಡು ಅಂದಾಜುಪಟ್ಟಿ ಕೊಟ್ಟ ಹಂತವನ್ನೇ ಪ್ರತ್ಯೇಕವಾಗಿ ಕಳಿಸುವುದು ಮೇಲು.