ಜ್ವರ ಬಂದಾಗ ಕಾಲಮೇಘ: ಎಷ್ಟು ತಗೋಬೇಕು, ಯಾವಾಗ ನಿಲ್ಲಿಸಬೇಕು, ಯಾರು ಮುಟ್ಟಲೇಬಾರದು

ವಿಡಿಯೋ ಪೂರ್ತಿ ನೋಡೋಕೆ ಟೈಮ್ ಇಲ್ಲ, ಬರಹದಲ್ಲಿ ಹಾಕಿ ಅಂತ ತುಂಬಾ ಜನ ಕೇಳಿದ್ದಿರಿ. ಅದಕ್ಕೆ ಮಾತಾಡಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಕೊಡ್ತಿದ್ದೀನಿ.

ನಾನಿರೋದು ನಾಗಪುರದ ಬಜಾಜ್ ನಗರದಲ್ಲಿ. ಐಟಿ ಪಾರ್ಕ್ ಹತ್ತಿರ ಇರೋದರಿಂದ ನಮ್ಮ ಕಡೆಯ ಹುಡುಗರು, ಹೊಸದಾಗಿ ಮದುವೆಯಾದವರು ಇಲ್ಲಿ ಬಾಡಿಗೆಗೆ ಇದ್ದಾರೆ. ಮಳೆಗಾಲ ಮುಗೀತಾ ಬಂದಹಾಗೆ ಇಲ್ಲಿ ಡೆಂಗಿ ಶುರುವಾಗತ್ತೆ. ಆಗ ಊರಿಂದ ಅಮ್ಮನ ಫೋನ್ ಬರತ್ತೆ: "ನೆಲಬೇವಿನ ಕಷಾಯ ಮಾಡ್ಕೊಂಡು ಕುಡಿ." ನಮ್ಮಲ್ಲಿ ನೆಲಬೇವು ಅನ್ನೋದೇ ಇಲ್ಲಿಯ ಕಾಲಮೇಘ. ಕೆಲವು ಅಂಗಡಿಗಳಲ್ಲಿ ಭುಯಿನಿಂಬ, ಕಿರಾಯತ ಅಂತಲೂ ಕೊಡ್ತಾರೆ.

ಮೊದಲು ಗಿಡ ಸರಿಯಾಗಿದೆಯಾ ನೋಡಿ. ಹಿಮಾಲಯದ ಕಡೆಯಿಂದ ಬರೋ ಚಿರಾಯತ ಬೇರೆ ಗಿಡ. ಎರಡೂ ವಿಪರೀತ ಕಹಿ, ಹೆಸರೂ ಹತ್ತಿರ, ಅದಕ್ಕೇ ಒಂದರ ಬದಲು ಇನ್ನೊಂದು ಕೈಗೆ ಬರತ್ತೆ. ಕಾಲಮೇಘದ ಕಡ್ಡಿಯನ್ನು ಬೆರಳ ನಡುವೆ ಉರುಳಿಸಿದರೆ ನಾಲ್ಕು ಮೂಲೆ ಗೊತ್ತಾಗತ್ತೆ, ಒಣಗಿದ ಎಲೆ ಹಸಿರಾಗಿಯೇ ಇರತ್ತೆ. ಪುಡಿ ತಗೊಂಡರೆ ಈ ಗುರುತು ಸಿಗಲ್ಲ. ಅದಕ್ಕೇ ಕಡ್ಡಿ-ಎಲೆ ಇರೋ ಕಟ್ಟನ್ನೇ ಕೇಳಿ.

ಈಗ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಔಷಧೀಯ ಸಸ್ಯಗಳ ಸಂಪುಟದಲ್ಲಿ ಇದರ ಲೆಕ್ಕ ಇದೆ. ಜ್ವರಕ್ಕೆ 3 ಗ್ರಾಂ ಒಣಗಿಡದ ಕಷಾಯ, ದಿನಕ್ಕೆ ಎರಡು ಸಲ. ನೆಗಡಿಗೆ ಪುಡಿಯಾದರೆ ಒಂದು ಸಲಕ್ಕೆ 1.5ರಿಂದ 3 ಗ್ರಾಂ, ದಿನಕ್ಕೆ ಮೂರು ಸಲ, ಊಟದ ನಂತರ. ಇದು ದೊಡ್ಡವರ ಲೆಕ್ಕ, ಮಕ್ಕಳಿಗಲ್ಲ. ಚಮಚದಲ್ಲಿ ಅಳೀಬೇಡಿ. ಪುಡಿ ಹಗುರ, ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

ತೊಂದರೆ ಆಗೋದು ಕ್ಯಾಪ್ಸೂಲ್‌ನಲ್ಲಿ. ಗಿಡದ ಕಹಿಗೆ ಮುಖ್ಯ ಕಾರಣ ಆಂಡ್ರೋಗ್ರಾಫೊಲೈಡ್ ಅನ್ನೋ ವಸ್ತು. ಥಾಯ್ಲೆಂಡ್‌ನಲ್ಲಿ ಈ ಗಿಡಕ್ಕೆ ಫಾ ಥಲಾಯ್ ಚೋನ್ ಅಂತಾರೆ. ಕೋವಿಡ್ ಸಮಯದಲ್ಲಿ ಅಲ್ಲಿಯ ಸರ್ಕಾರ ಸೌಮ್ಯ ಲಕ್ಷಣ ಇದ್ದವರಿಗೆ ದಿನಕ್ಕೆ 180 ಮಿ.ಗ್ರಾಂ ಆಂಡ್ರೋಗ್ರಾಫೊಲೈಡ್, ಮೂರು ಪಾಲು ಮಾಡಿ, 5 ದಿನ ಮಾತ್ರ ಕೊಡೋಕೆ ಹೇಳಿತ್ತು. ನೆಗಡಿಯ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು 60 ಮಿ.ಗ್ರಾಂ ಬಳಸಿದ್ದಾರೆ.

ನಮ್ಮ ಬಿಲ್ಡಿಂಗಿನ ಹುಡುಗನೊಬ್ಬನ ವಿಷಯ ತಗೊಳ್ಳಿ. ದಾವಣಗೆರೆ ಕಡೆಯವನು, ಜ್ವರದ ಎರಡನೇ ದಿನ ಡಬ್ಬಿ ಹಿಡ್ಕೊಂಡು ಬಂದ. "ಅಣ್ಣಾ, ಇದು ದಿನಕ್ಕೆ ಮೂರು ತಗೊಂಡ್ರೆ ಸಾಕಾ?" ಅಂದ. ಡಬ್ಬಿ ಮೇಲೆ ಒಂದು ಕ್ಯಾಪ್ಸೂಲ್‌ನಲ್ಲಿ 400 ಮಿ.ಗ್ರಾಂ ಸಾರ, ಅದರಲ್ಲಿ ಆಂಡ್ರೋಗ್ರಾಫೊಲೈಡ್ ಶೇಕಡಾ 30 ಅಂತ ಇತ್ತು. ಲೆಕ್ಕ ಹಾಕಿ: 400ರ ಶೇಕಡಾ 30 ಅಂದ್ರೆ 120. ಮೂರಕ್ಕೆ 360 ಮಿ.ಗ್ರಾಂ. ಕೋವಿಡ್‌ಗೆ ಹೇಳಿದ್ದರ ಎರಡರಷ್ಟು! ಜೊತೆಗೆ ಬೆಳಿಗ್ಗೆ-ಸಂಜೆ ಕಷಾಯ. ಅದೂ ಸಾಲದು ಅಂತ ಫ್ರಿಜ್‌ನಲ್ಲಿದ್ದ ಲಿವರ್ ಸಿರಪ್, ಅದರ ಹಿಂದಿನ ಪಟ್ಟಿಯಲ್ಲೂ ಕಾಲಮೇಘ ಇತ್ತು. ಒಂದೇ ಗಿಡ ಮೂರು ದಾರಿಯಲ್ಲಿ ಹೊಟ್ಟೆ ಸೇರ್ತಿತ್ತು.

"ಲಿವರ್‌ಗೆ ಒಳ್ಳೇದು ತಾನೇ?" ಅಂತ ಅವನು ಕೇಳಿದ. ಕಾಮಾಲೆಗೆ, ಲಿವರ್‌ಗೆ ನಮ್ಮಲ್ಲಿ ಇದನ್ನು ಮೊದಲಿಂದಲೂ ಕೊಡ್ತಾರೆ, ನಿಜ. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲೂ ಲಿವರ್ ಕಾಪಾಡೋ ಗುಣ ಕಂಡಿದೆ. ಆದರೆ ಥಾಯ್ಲೆಂಡ್‌ನಲ್ಲಿ ಹೆಚ್ಚು ಪ್ರಮಾಣದಲ್ಲಿ ತಗೊಂಡ ಕೆಲವು ಕೋವಿಡ್ ರೋಗಿಗಳಲ್ಲಿ ಎಸ್‌ಜಿಪಿಟಿ ಏರಿದ್ದು ದಾಖಲಾಗಿದೆ. ಲಿವರ್ ಕಾಯಿಲೆ ಮೊದಲೇ ಇದ್ದವರು ವೈದ್ಯರನ್ನು ಕೇಳದೆ ಇದನ್ನು ತಗೋಬಾರದು. ಡೆಂಗಿಯಲ್ಲಿ ಇನ್ನೊಂದು ತೊಡಕಿದೆ. ಡೆಂಗಿ ಬಂದರೇನೇ ಎಸ್‌ಜಿಪಿಟಿ ಏರತ್ತೆ, ಪ್ಯಾರಾಸಿಟಮಾಲ್ ಜಾಸ್ತಿಯಾದರೂ ಏರತ್ತೆ. ಅದರ ಮೇಲೆ ಕಾಲಮೇಘವೂ ಸೇರಿದರೆ, ರಿಪೋರ್ಟ್ ಬಂದಾಗ ಯಾವುದರಿಂದ ಏರಿತು ಅಂತ ಡಾಕ್ಟರ್‌ಗೆ ತಿಳಿಯೋದು ಕಷ್ಟ.

ಅದಕ್ಕಿಂತ ಮುಖ್ಯವಾದದ್ದು ವಾಂತಿಯ ವಿಷಯ. ಕಾಲಮೇಘ ಜಾಸ್ತಿಯಾದರೆ ಹೊಟ್ಟೆ ತೊಳೆಸತ್ತೆ, ವಾಂತಿ ಬರತ್ತೆ, ಊಟ ಸೇರಲ್ಲ. ಡೆಂಗಿಯಲ್ಲಿ ಜ್ವರ ಇಳಿಯೋ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ, ಪರಿಸ್ಥಿತಿ ಕೆಡೋ ಮುನ್ಸೂಚನೆಯೂ ಇದೇ: ನಿಲ್ಲದ ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ವಸಡಿನಲ್ಲಿ ರಕ್ತ. "ಕಷಾಯದ ಕಹಿಗೆ ವಾಂತಿ ಆಯ್ತು" ಅಂತ ಮಲಗಿಬಿಟ್ಟರೆ ಆಸ್ಪತ್ರೆಗೆ ಹೋಗೋ ಹೊತ್ತು ಮೀರತ್ತೆ. ಈ ಗಿಡಕ್ಕೆ ರಕ್ತ ಹೆಪ್ಪುಗಟ್ಟೋದನ್ನು ತಡೆಯೋ ಗುಣ ಸ್ವಲ್ಪ ಇದೆ ಅಂತಲೂ ಪ್ರಯೋಗಶಾಲೆಯಲ್ಲಿ ಕಂಡಿದೆ. ಪ್ಲೇಟ್‌ಲೆಟ್ ಇಳಿದಿರೋವಾಗ ಅದು ಬೇಕಾದ ಗುಣವಲ್ಲ.

ಅವನಿಗೆ ನಾನು ಹೇಳಿದ್ದು ಇಷ್ಟೇ: ಮೂರನ್ನೂ ನಿಲ್ಲಿಸು, ಇವತ್ತೇ ಡಾಕ್ಟರ್ ಹತ್ತಿರ ಹೋಗು, ಏನೇನು ತಗೊಂಡೆ ಅಂತ ಬರೆದು ತೋರಿಸು. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದಲ್ಲೇ ಹೆಚ್ಚು ಉಪಯೋಗ. ಅದು ಪಾಸಿಟಿವ್ ಬಂತು. ಎಸ್‌ಜಿಪಿಟಿಯೂ ಸ್ವಲ್ಪ ಏರಿತ್ತು. ದಿನಾ ಪ್ಲೇಟ್‌ಲೆಟ್ ನೋಡಿಸಿಕೊಂಡು, ನೀರು-ಗಂಜಿ ಕುಡಿದು, ವಾರದಲ್ಲಿ ಎದ್ದ. ಈ ಭಾಗದಲ್ಲಿ ಇನ್ನೊಂದು ಜ್ವರವನ್ನೂ ಮರೀಬೇಡಿ. 2018ರಲ್ಲಿ ನಾಗಪುರದ ಸುತ್ತ ಸ್ಕ್ರಬ್ ಟೈಫಸ್ ಬಂದು ಸಾವುಗಳಾಗಿದ್ದವು. ಅದಕ್ಕೆ ಡಾಕ್ಸಿಸೈಕ್ಲಿನ್ ಬೇಕು, ಕಷಾಯ ಕಾಯೋ ರೋಗವಲ್ಲ.

ಅವನ ಹೆಂಡತಿಗೂ ಗಂಟಲು ಕೆರೆತ ಇತ್ತು, ಒಂದೇ ಪಾತ್ರೆಯ ಕಷಾಯ ಇಬ್ಬರೂ ಕುಡಿಯೋಣ ಅಂತ ಇದ್ದರು. ನಾನು ನಮ್ಮ ಮನೆಯವಳ ಮೂಲಕ ಒಂದೇ ಮಾತು ಕೇಳಿಸಿದೆ: ಮುಟ್ಟು ತಪ್ಪಿದೆಯಾ? ಹತ್ತು ದಿನ ದಾಟಿತ್ತಂತೆ. ಹಾಗಾದರೆ ಒಂದು ಗುಟುಕೂ ಬೇಡ. ಪ್ರಾಣಿಗಳ ಪರೀಕ್ಷೆಗಳಲ್ಲಿ ಈ ಗಿಡ ಗರ್ಭ ನಿಲ್ಲದ ಹಾಗೆ ಮಾಡಿದ್ದು ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸಂಪುಟ ಗರ್ಭಿಣಿಯರಿಗೂ ಹಾಲುಣಿಸೋ ತಾಯಂದಿರಿಗೂ ಬೇಡ ಅನ್ನತ್ತೆ. ಮಗುವಿಗೆ ಪ್ರಯತ್ನ ಮಾಡ್ತಿರೋರೂ ಬಿಡಬೇಕು, ಯಾಕಂದ್ರೆ ಗೊತ್ತಾಗೋ ಮೊದಲೇ ವಾರಗಳು ಕಳೆದಿರತ್ತೆ. ಬಿಪಿ, ಶುಗರ್, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳಿಯೇ ಮುಂದುವರೀರಿ.

ಹಾಗಾದ್ರೆ ಇದರಿಂದ ಏನೂ ಉಪಯೋಗ ಇಲ್ವಾ? ಇದೆ. 2017ರಲ್ಲಿ 33 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆ, ನೆಗಡಿಯಂಥ ಸೋಂಕಿನಲ್ಲಿ ಕೆಮ್ಮು, ಗಂಟಲುನೋವು ಕಡಿಮೆಯಾಗತ್ತೆ ಅಂದಿದೆ, ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತಲೂ ಅಂದಿದೆ. ಅಂದ್ರೆ ಮೂಗು ಸೋರ್ತಿದೆ, ಗಂಟಲು ನೋವು, ಜ್ವರ ಇಲ್ಲ ಅಥವಾ ತೀರಾ ಕಡಿಮೆ: ಆಗ ಯಾವುದಾದರೂ ಒಂದೇ ರೂಪದಲ್ಲಿ, ತೂಕ ಮಾಡಿ, ಹೆಚ್ಚೆಂದರೆ 5 ದಿನ. ಮೈಮೇಲೆ ದದ್ದು ಎದ್ದರೆ, ಬಾಯಿ ರುಚಿ ಹೋದರೆ, ಮೂತ್ರ ಕಡು ಹಳದಿಯಾದರೆ ಅಲ್ಲಿಗೇ ನಿಲ್ಲಿಸಿ. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ ಹೋಗಿ. ಈ ಗಿಡದಿಂದ ತೀವ್ರ ಅಲರ್ಜಿ ಆದದ್ದಕ್ಕೆ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಲಿವರ್ ಸಿರಪ್ ಇದ್ದರೆ ಒಂದ್ಸಲ ಬಾಟಲ್ ತಿರುಗಿಸಿ ಪಟ್ಟಿ ಓದಿ. ಕಾಲಮೇಘ ಎಷ್ಟಿದೆ ಅಂತ ಕಂಡರೆ ಕಾಮೆಂಟ್‌ನಲ್ಲಿ ಹಾಕಿ, ಲೆಕ್ಕ ಒಟ್ಟಿಗೆ ಮಾಡೋಣ.